ಪ್ರಶ್ನೆಪತ್ರಿಕೆ ಕಂಡೊಡನೆ ತಲೆ ಖಾಲಿಯಾದರೆ

ಪೂರ್ವಸಿದ್ಧತಾ ಪರೀಕ್ಷೆ ಮುಗಿದು ಎಸ್ಸೆಸ್ಸೆಲ್ಸಿಯ ಪರೀಕ್ಷೆ-1ಕ್ಕೆ ಕೆಲವು ವಾರಗಳಷ್ಟೇ ಉಳಿದಿರುವಾಗ ಕಲಬುರಗಿಯ ನನ್ನ ಸಮಾಲೋಚನಾ ಕೊಠಡಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿಯದು ಒಂದೇ ದೂರು. "ಓದಿರುತ್ತೇನೆ ಮೇಡಂ, ಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲ ಹೋಗಿಬಿಡುತ್ತದೆ." ಪಕ್ಕದಲ್ಲಿ ಕುಳಿತ ಅಪ್ಪನೋ ಅಮ್ಮನೋ ಇದನ್ನು ನಂಬುವುದಿಲ್ಲ. ಓದಿದ್ದರೆ ಹೋಗುವುದೆಲ್ಲಿಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ.

ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಹುಡುಗಿಯ ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುವ ಹುಡುಗಿ, ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ 80ಕ್ಕೆ 22 ಅಂಕ ತಂದಿದ್ದಳು. ಐದು ಅಂಕದ ಲೆಕ್ಕದಿಂದ ಆರಂಭಿಸಿದಳಂತೆ. ದೊಡ್ಡದನ್ನು ಮೊದಲು ಮುಗಿಸಬೇಕೆಂದು ಯಾರೋ ಹೇಳಿದ್ದರು. ಎರಡನೇ ಸಾಲಿನಲ್ಲಿ ಸಿಕ್ಕಿಕೊಂಡಿತು. ಎದೆ ಬಡಿತ ಜೋರಾಯಿತು, ಬೆರಳ ತುದಿ ಜುಮುಗುಟ್ಟಿತು, ತುಟಿಯ ಸುತ್ತ ಮರಗಟ್ಟಿದಂತಾಯಿತು. ತನಗೆ ಹೃದಯದ ಕಾಯಿಲೆ ಬಂದಿದೆ ಎಂದುಕೊಂಡಳು. ಅಲ್ಲಿಂದ ಮುಂದೆ ಬಹಳ ಹೊತ್ತು ಅವಳು ಬರೆದದ್ದು ಪ್ರಶ್ನೆ ಸಂಖ್ಯೆಗಳನ್ನು ಮಾತ್ರ.

ಅವಳಿಗೆ ನಾನು ಕೊಟ್ಟ ಮೊದಲ ಕೆಲಸ ಸಮಾಧಾನದ ಮಾತಲ್ಲ, ಅದೇ ಪ್ರಶ್ನೆಪತ್ರಿಕೆ. ಶಾಲೆಯಲ್ಲಿ ಇನ್ನೂ ಅದರ ಉತ್ತರ ಬಿಡಿಸಿ ತೋರಿಸಿರಲಿಲ್ಲ, ಅವಳೂ ಅದನ್ನು ಮತ್ತೆ ಮುಟ್ಟಿರಲಿಲ್ಲ. ಮನೆಯಲ್ಲಿ ಪುಸ್ತಕ ಮುಚ್ಚಿ, ಮೂರು ಗಂಟೆ ಕುಳಿತು, ಇನ್ನೊಮ್ಮೆ ಬರೆಯಲು ಹೇಳಿದೆ. ಈ ಸಲ 51 ಬಂತು. ತಂದೆಗೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ತೋರಿಸಿದಾಗ ಅವರು ಮಾತು ನಿಲ್ಲಿಸಿದರು. ನಡುವಿನ 29 ಅಂಕ ಹೆದರಿಕೆ ನುಂಗಿದ್ದು. ಉಳಿದ 29 ಅಂಕದ ಪಾಠ ಅವಳಿಗೆ ನಿಜಕ್ಕೂ ಬಂದಿರಲಿಲ್ಲ.

ಈ ಪರೀಕ್ಷೆಯನ್ನು ಯಾರಾದರೂ ಮಾಡಿಕೊಳ್ಳಬಹುದು. ಶಾಲೆಯಲ್ಲಿ ಬರೆದ ಪತ್ರಿಕೆಯನ್ನು, ಉತ್ತರ ನೋಡುವ ಮುನ್ನ, ಅದೇ ಸಂಜೆ ಮನೆಯಲ್ಲಿ ಮತ್ತೆ ಬರೆಯಿರಿ. ಅಂಕ ಏರಿದರೆ ತೊಂದರೆ ಹೆದರಿಕೆಯದು. ಅಲ್ಲೂ ಇಲ್ಲೂ ಒಂದೇ ಬಂದರೆ ತೊಂದರೆ ಪಾಠದ್ದು. ಅದಕ್ಕೆ ನನ್ನ ಬಳಿ ಔಷಧವಿಲ್ಲ, ನಿಮ್ಮ ಗಣಿತದ ಮೇಷ್ಟರ ಬಳಿ ಇದೆ. ಕಲಿಯದೇ ಇರುವುದನ್ನು ಯಾವ ಉಸಿರಾಟದ ಅಭ್ಯಾಸವೂ ನೆನಪಿಗೆ ತರುವುದಿಲ್ಲ. ಇದನ್ನು ಬಿಡಿಸಿ ಹೇಳದೆ ಮಕ್ಕಳಿಗೆ ಧೈರ್ಯ ತುಂಬಲು ಹೊರಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು.

ಈಗ ಆ 29 ಅಂಕ ಹೋದದ್ದು ಹೇಗೆ ಎಂದು ನೋಡೋಣ. ಲೆಕ್ಕ ಬಿಡಿಸುವಾಗ ಕೊಟ್ಟ ಸಂಖ್ಯೆ, ಸೂತ್ರ, ಮುಂದಿನ ಹೆಜ್ಜೆ ಎಲ್ಲವನ್ನೂ ಒಂದಿಷ್ಟು ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಹಾಗೆ ಹಿಡಿದಿಡುವ ಜಾಗ ಎಲ್ಲರಲ್ಲಿಯೂ ಬಹಳ ಚಿಕ್ಕದು. "ಫೇಲಾದರೆ ಏನು, ಅಪ್ಪ ಏನೆನ್ನುತ್ತಾರೆ" ಎಂಬ ಯೋಚನೆ ಬಂದು ಅದೇ ಜಾಗದಲ್ಲಿ ಕುಳಿತರೆ ಸೂತ್ರಕ್ಕೆ ಎಡೆಯಿರುವುದಿಲ್ಲ. ಸೂತ್ರ ಅಳಿಸಿಹೋಗಿರುವುದಿಲ್ಲ, ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ ಅಷ್ಟೇ. ಹೊರಗೆ ಬಂದು ಬಸ್‌ ನಿಲ್ದಾಣ ತಲುಪುವಷ್ಟರಲ್ಲಿ ಅದೇ ಸೂತ್ರ ತಾನಾಗಿಯೇ ನೆನಪಾಗುವುದು ಇದೇ ಕಾರಣಕ್ಕೆ.

ಬೆರಳು ಜುಮುಗುಟ್ಟಿದ್ದಕ್ಕೆ ಕಾರಣ ಬೇರೆ. ಹೆದರಿದಾಗ ನಾವು ಗೊತ್ತಿಲ್ಲದೆಯೇ ಬೇಗ ಬೇಗ ಉಸಿರಾಡುತ್ತೇವೆ. ಇದರಿಂದ ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಉಳಿಯದೆ ಹೊರಹೋಗುತ್ತದೆ. ಅದು ಇಳಿದಾಗ ತಲೆ ಹಗುರಾಗುತ್ತದೆ, ಬೆರಳು ಮತ್ತು ತುಟಿ ಮರಗಟ್ಟುತ್ತವೆ. ಉಸಿರು ನಿಧಾನವಾದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಇಷ್ಟು ತಿಳಿದದ್ದೇ ಆ ಹುಡುಗಿಗೆ ದೊಡ್ಡ ನಿರಾಳವಾಯಿತು, ಏಕೆಂದರೆ ಅವಳ ಹೆದರಿಕೆಯಲ್ಲಿ ಅರ್ಧದಷ್ಟು ಗಣಿತದ್ದಾಗಿರದೆ ಆ ಜುಮುಗುಟ್ಟುವಿಕೆಯದಾಗಿತ್ತು.

ಇಂಥ ಹೊತ್ತಿನಲ್ಲಿ ಸುತ್ತಲಿನವರೆಲ್ಲ "ಜೋರಾಗಿ ಉಸಿರು ಎಳೆದುಕೋ" ಎನ್ನುತ್ತಾರೆ. ಅದು ತಪ್ಪು ಸಲಹೆ. ಮೊದಲೇ ಹೆಚ್ಚಾಗಿ ಉಸಿರಾಡುತ್ತಿರುವವರು ಇನ್ನಷ್ಟು ಎಳೆದುಕೊಂಡರೆ ತಲೆ ಇನ್ನಷ್ಟು ತಿರುಗುತ್ತದೆ. ಬೇಕಾದದ್ದು ನಿಧಾನ, ಆಳವಲ್ಲ. ಬಾಯಿ ಮುಚ್ಚಿ ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಸಾಧಾರಣ ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ ಎರಡು ಮೂರು ನಿಮಿಷ ಮಾಡಿದರೆ ಸಾಕು. ಪೆನ್ನು ಹಿಡಿದು, ಕಣ್ಣು ಪತ್ರಿಕೆಯ ಮೇಲಿಟ್ಟುಕೊಂಡೇ ಮಾಡಬಹುದು. ಮೇಲ್ವಿಚಾರಕರಿಗೂ ತಿಳಿಯುವುದಿಲ್ಲ, ಗೋಡೆಯ ಮೇಲಿನ ವೆಬ್‌ಕಾಸ್ಟಿಂಗ್ ಕ್ಯಾಮೆರಾಕ್ಕೂ ತಿಳಿಯುವುದಿಲ್ಲ. ಆದರೆ ಇದನ್ನು ಮೊದಲ ಸಲ ಪರೀಕ್ಷಾ ಕೊಠಡಿಯಲ್ಲಿ ಪ್ರಯತ್ನಿಸಿದರೆ ಫಲವಿಲ್ಲ. ಈಗಿನಿಂದಲೇ ದಿನಾ ಮಲಗುವ ಮುನ್ನ ಮತ್ತು ಓದಲು ಕುಳಿತಾಗ ಒಂದೊಂದು ಸಲ ಮಾಡಿ ರೂಢಿಯಾಗಿರಬೇಕು.

ಮುಂದಿನದು ಪತ್ರಿಕೆ ಬರೆಯುವ ಕ್ರಮ. ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವ ಸಮಯಕ್ಕಿಂತ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಹೆಚ್ಚಿನ ಮಕ್ಕಳು ಈ ಹೊತ್ತಿನಲ್ಲಿ ತಮಗೆ ಬಾರದ ಪ್ರಶ್ನೆಗಳನ್ನು ಹುಡುಕುತ್ತಾರೆ. ಅವು ಸಿಕ್ಕೇ ಸಿಗುತ್ತವೆ. ನಾನು ಆ ಹುಡುಗಿಗೆ ಹೇಳಿದ್ದು ಇದಕ್ಕೆ ತಿರುಗುಮುರುಗು: ಮೊದಲ ಎರಡು ನಿಮಿಷ ಉಸಿರಿಗೆ ಕೊಡು, ಉಳಿದ ಸಮಯದಲ್ಲಿ ಖಂಡಿತ ಬರುವ ಪ್ರಶ್ನೆಗಳ ಸಂಖ್ಯೆಯನ್ನು ಮನಸ್ಸಿನಲ್ಲಿ ಗುರುತಿಟ್ಟುಕೋ. ಈಚಿನ ವರ್ಷಗಳ ಮಾದರಿಯಲ್ಲಿ ಗಣಿತ ಪತ್ರಿಕೆಯಲ್ಲಿ ಒಟ್ಟು 38 ಪ್ರಶ್ನೆ. ಅವುಗಳಲ್ಲಿ ಮೊದಲ 16 ತಲಾ ಒಂದು ಅಂಕದವು, ಎಂಟು ಬಹುಆಯ್ಕೆಯವೂ ಅದರಲ್ಲಿ ಸೇರಿವೆ. ಹೆದರುವ ಮಕ್ಕಳು ಅಲ್ಲಿಂದಲೇ ಶುರುಮಾಡಬೇಕು. ಕೈ ಓಡತೊಡಗಿದರೆ ಉಸಿರೂ ಹದಕ್ಕೆ ಬರುತ್ತದೆ, ಒಂದು ಉತ್ತರ ನೆನಪಾದದ್ದು ಇನ್ನೊಂದನ್ನು ಎಳೆದು ತರುತ್ತದೆ. ಐದು ಅಂಕದ್ದು ಕೊನೆಗಿರಲಿ. ಹೆದರಿಕೆಯಿಲ್ಲದ ಮಗು ಎಲ್ಲಿಂದ ಬೇಕಾದರೂ ಆರಂಭಿಸಲಿ, ಅದಕ್ಕೆ ನನ್ನ ತಕರಾರಿಲ್ಲ.

ನಡುವೆ ಸಿಕ್ಕಿಕೊಂಡರೆ? ಎರಡು ನಿಮಿಷ ಪ್ರಯತ್ನ, ಆಮೇಲೆ ಜಾಗ ಬಿಟ್ಟು ಮುಂದಕ್ಕೆ. ಆ ಎರಡು ನಿಮಿಷದಲ್ಲಿ ಸೂತ್ರವನ್ನು ಗಿಂಜಿ ಗಿಂಜಿ ನೆನೆಯುವ ಬದಲು ಅದು ಹುಟ್ಟಿದ ಜಾಗಕ್ಕೆ ಹೋಗಬೇಕು. ಸಮಾಂತರ ಶ್ರೇಢಿಯ n ನೇ ಪದದ ಸೂತ್ರ ಅವಳಿಗೆ ಪದೇ ಪದೇ ಕೈಕೊಡುತ್ತಿತ್ತು. 5, 8, 11, 14 ಎಂದು ಅಂಚಿನಲ್ಲಿ ಬರೆ ಎಂದೆ. ನಾಲ್ಕನೇ ಪದಕ್ಕೆ ಬರಲು ಮೂರನ್ನು ಎಷ್ಟು ಸಲ ಕೂಡಿಸಿದೆ? ಮೂರು ಸಲ. ಹಾಗಾದರೆ ನಾಲ್ಕನೇ ಪದ 5 + 3 × 3. n ನೇ ಪದಕ್ಕೆ n ಗಿಂತ ಒಂದು ಸಲ ಕಡಿಮೆ ಕೂಡಿಸುತ್ತೇವೆ. ಮೊದಲ ಪದ a, ಕೂಡಿಸುವ ಸಂಖ್ಯೆ d ಎಂದುಕೊಂಡರೆ ಅದು a + (n − 1)d. ಬಾಯಿಪಾಠ ಮಾಡಿದ ಸೂತ್ರ ಹೆದರಿಕೆಯಲ್ಲಿ ಜಾರಿಹೋಗಬಹುದು, ಹೀಗೆ ಕಟ್ಟಿಕೊಂಡದ್ದನ್ನು ಮತ್ತೆ ಕಟ್ಟಬಹುದು.

ಇದರಿಂದ ಓದುವ ಬಗೆಯ ಮಾತಿಗೆ ಬರುತ್ತೇನೆ. ಕೊನೆಯ ವಾರಗಳಲ್ಲಿ ಮಕ್ಕಳು ನೋಟ್ಸನ್ನು ಮೇಲಿಂದ ಮೇಲೆ ಓದುತ್ತಾರೆ. ಕಣ್ಣಿಗೆ ಪರಿಚಯವಾದದ್ದನ್ನು ಬಂದಿದೆ ಎಂದುಕೊಳ್ಳುತ್ತಾರೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆದು, ಆಮೇಲೆ ತೆರೆದು ತಾಳೆ ನೋಡುವುದು ಇದಕ್ಕಿಂತ ಕಷ್ಟ, ಬೇಸರದ್ದೂ ಹೌದು. ಆದರೆ ಹೆದರುವ ಮಗುವಿಗೆ ಇದಕ್ಕಿಂತ ಗಟ್ಟಿ ಆಸರೆ ಇನ್ನೊಂದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಓದಿ ಕಲಿತವರ ನೆನಪು ಒತ್ತಡದಲ್ಲಿ ಕುಗ್ಗಿತು. ನೆನಪಿನಿಂದ ತೆಗೆದು ತೆಗೆದು ಕಲಿತವರದು ಕುಗ್ಗಲಿಲ್ಲ. ಅದು ಪದಗಳನ್ನೂ ಚಿತ್ರಗಳನ್ನೂ ನೆನಪಿಡುವ ಪ್ರಯೋಗ, ಗಣಿತದ್ದಲ್ಲ. ಆದರೂ ನನ್ನ ಕೊಠಡಿಯಲ್ಲಿ ಕಂಡದ್ದಕ್ಕೆ ಅದು ಹೊಂದುತ್ತದೆ. ಆ ಹುಡುಗಿ ವಾರಕ್ಕೆ ಎರಡು ದಿನ ಶಾಲೆಯ ಖಾಲಿ ಕೊಠಡಿಯಲ್ಲಿ, ಗಡಿಯಾರ ಎದುರಿಗಿಟ್ಟುಕೊಂಡು, ಮೇಷ್ಟರು ಓಡಾಡುತ್ತಿರುವಾಗಲೇ ಹಳೆಯ ಪತ್ರಿಕೆ ಬರೆದಳು. ಮೊದಲ ದಿನ ಬೆರಳು ಮತ್ತೆ ಜುಮುಗುಟ್ಟಿತು. ಆ ದಿನ ಅವಳು ಎದ್ದು ಬರಲಿಲ್ಲ ಎಂಬುದೇ ನನಗೆ ಮುಖ್ಯವಾಗಿತ್ತು.

ನಮ್ಮ ಕಡೆಯ ಮಾರ್ಚ್ ಬಿಸಿಲಿನ ಬಗ್ಗೆಯೂ ಒಂದು ಮಾತು. ನೀರು ಕುಡಿಯದೆ, ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಜಾವದಿಂದ ಚಹಾದ ಮೇಲೆಯೇ ಕುಳಿತರೂ ಎದೆ ಬಡಿತ ಹೆಚ್ಚುತ್ತದೆ, ತಲೆ ತಿರುಗುತ್ತದೆ. ಮಗು ಅದನ್ನೂ ಹೆದರಿಕೆಯೆಂದೇ ತಿಳಿಯುತ್ತದೆ. ರೊಟ್ಟಿ, ಮೊಸರು, ನೀರು, ರಾತ್ರಿ ಕನಿಷ್ಠ ಎಂಟು ತಾಸಿನ ನಿದ್ದೆ ಬೇಕು. ಔಷಧಿ ಅಂಗಡಿಯಿಂದ ಯಾರೋ ಹೇಳಿದ "ಎದೆ ಬಡಿತದ ಮಾತ್ರೆ" ತಂದು ನುಂಗುವುದಂತೂ ಬೇಡವೇ ಬೇಡ. ಅಂಥ ಕೆಲವು ಮಾತ್ರೆಗಳು ಉಬ್ಬಸ ಇರುವವರಿಗೆ ಅಪಾಯ.

ಹೆದರಿಕೆಗೆ ದೊಡ್ಡ ಮೇವು ಎಂದರೆ "ಇದೊಂದೇ ದಿನ, ಇದೊಂದೇ ಅವಕಾಶ" ಎಂಬ ನಂಬಿಕೆ. ಅದು ಈಗ ನಿಜವೂ ಅಲ್ಲ. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮಕ್ಕಳು ಸಡಿಲಬಿಟ್ಟಾರು ಎಂದು ಕೆಲವು ಪಾಲಕರು ಈ ಮಾತನ್ನೇ ಎತ್ತುವುದಿಲ್ಲ. ಹೆದರಿ ಬೆವರುವ ಮಗು ಸಡಿಲಬಿಡುವುದಿಲ್ಲ, ಅದಕ್ಕೆ ಹೇಳಿಬಿಡಿ.

ಎರಡು ವಾರಗಳಿಂದ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟಿದ್ದರೆ, ಬದುಕಿ ಏನು ಮಾಡಲಿ ಎಂಬ ಮಾತು ಒಂದು ಸಲ ಬಂದಿದ್ದರೂ, ಮೇಲೆ ಹೇಳಿದ ಯಾವುದೂ ಸಾಲದು. ಮನೆಯಲ್ಲಿಯೋ ಶಾಲೆಯಲ್ಲಿಯೋ ಒಬ್ಬರಿಗೆ ಅಂದೇ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಮಗು ಇಂಥ ಮಾತು ಆಡಿದಾಗ ಬೈಯದೆ, ಉಪದೇಶ ಮಾಡದೆ, ಒಂಟಿಯಾಗಿ ಬಿಡದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಹುಡುಗಿ ಪರೀಕ್ಷೆ-1ರ ಗಣಿತದಲ್ಲಿ ಮೂರು ಅಂಕದ ಒಂದು ಲೆಕ್ಕದಲ್ಲಿ ಮತ್ತೆ ಸಿಕ್ಕಿಕೊಂಡಳು. ಜಾಗ ಬಿಟ್ಟು ಮುಂದೆ ಹೋಗಿ, ಕೊನೆಯ ಅರ್ಧ ಗಂಟೆಯಲ್ಲಿ ಮರಳಿ ಬಂದು ಎರಡು ಹೆಜ್ಜೆ ಬರೆದಳಂತೆ, ಮೂರನೆಯದು ಬರಲಿಲ್ಲ. ಒಟ್ಟು 80ಕ್ಕೆ 54 ಬಂತು. ಗೇಟಿನ ಹೊರಗೆ ಗೆಳತಿಯರು ಉತ್ತರ ತಾಳೆ ನೋಡುತ್ತಿದ್ದಾಗ ನಿಲ್ಲದೆ ತಂದೆಯ ಬೈಕ್ ಹತ್ತಿದಳು. ಮುಂದಿನ ಪತ್ರಿಕೆಗೆ ಓದುವುದಿತ್ತು.