ಚೀನಾದ ಅಂತರ್ಯುದ್ಧ: ಹಂಚಿದ ಹೊಲದಿಂದ ಗೆದ್ದ ಯುದ್ಧದವರೆಗೆ

ನನಗೆ ಅರ್ಥವಾಗದೆ ಉಳಿದದ್ದು ಒಂದೇ ಪ್ರಶ್ನೆ. 1946ರ ಬೇಸಿಗೆಯಲ್ಲಿ ಪೂರ್ಣ ಪ್ರಮಾಣದ ಯುದ್ಧ ಶುರುವಾದಾಗ ಚಿಯಾಂಗ್ ಕೈ-ಷೇಕ್‌ನ ಆಳುವ ಪಕ್ಷ ಕುವೊಮಿಂಟಾಂಗ್ ಬಳಿ ಸುಮಾರು 43 ಲಕ್ಷ ಸೈನಿಕರಿದ್ದರು, ಕಮ್ಯುನಿಸ್ಟರ ಬಳಿ ಸುಮಾರು 12 ಲಕ್ಷ. ಮೂರು ವರ್ಷದಲ್ಲಿ ಚಿತ್ರ ತಿರುಗುಮುರುಗಾಗಿ ಕಮ್ಯುನಿಸ್ಟರು ಗೆದ್ದದ್ದು ಹೇಗೆ? "ಭೂಮಿ ಹಂಚಿದರು, ರೈತರು ಬೆಂಬಲಿಸಿದರು" ಎಂದು ಟಿಪ್ಪಣಿಯಲ್ಲಿ ಬರೆದರೆ ಉತ್ತರ ಮುಗಿದಂತೆ ಕಾಣುತ್ತದೆ. ಆದರೆ ಎರಡು ಎಕರೆ ಸಿಕ್ಕ ರೈತ ಮನೆಯಲ್ಲಿ ಕೂತು ಉಳಬಹುದಲ್ಲ, ಯುದ್ಧಕ್ಕೇಕೆ ಹೋಗಬೇಕು? ನಾನು ಎಡವಿದ್ದು ಇಲ್ಲೇ.



ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಜಪಾನ್ ವಿರುದ್ಧದ ಯುದ್ಧಕಾಲದಲ್ಲಿ ಕಮ್ಯುನಿಸ್ಟರು ಭೂಮಿಯನ್ನು ಹಂಚುತ್ತಿರಲಿಲ್ಲ. ಜಮೀನ್ದಾರರೂ ಜಪಾನ್ ವಿರೋಧಿ ಕೂಟದಲ್ಲಿ ಬೇಕಾಗಿದ್ದರಿಂದ ಗೇಣಿಯನ್ನು ಕಾಲುಭಾಗ ಇಳಿಸಿ, ಬಡ್ಡಿಗೆ ಮಿತಿ ಹಾಕಿ ಅಷ್ಟಕ್ಕೇ ನಿಲ್ಲಿಸಿದ್ದರು. ಕಮ್ಯುನಿಸ್ಟ್ ಪಕ್ಷದ 1946ರ ಮೇ ತಿಂಗಳ ಸೂಚನೆ ಜಮೀನ್ದಾರರ ಹೊಲ ರೈತರಿಗೆ ದಾಟುವ ದಾರಿ ತೆರೆಯಿತು. 1947ರ ಅಕ್ಟೋಬರ್ 10ರಂದು ಪ್ರಕಟವಾದ ಭೂ ಕಾನೂನು ಇನ್ನೂ ಮುಂದೆ ಹೋಯಿತು: ಊರಿನ ಒಟ್ಟು ಭೂಮಿಯನ್ನು ತಲೆ ಎಣಿಸಿ, ಗಂಡು ಹೆಣ್ಣು, ಹಿರಿಯ ಕಿರಿಯ ಎನ್ನದೆ ಸಮನಾಗಿ ಹಂಚಬೇಕು. ನಾನು ಈ ಮೂರನ್ನೂ ಒಂದೇ "ಭೂಸುಧಾರಣೆ" ಎಂದು ಓದಿಕೊಂಡಿದ್ದರಿಂದ ಯಾವುದೂ ಹೊಂದುತ್ತಿರಲಿಲ್ಲ.

ಈಗ ಆ ರೈತನ ಪ್ರಶ್ನೆಗೆ ಬರೋಣ. ಹಂಚಿಕೆಯನ್ನು ಅಧಿಕಾರಿಯೊಬ್ಬ ಬಂದು ಮಾಡಿ ಹೋಗಲಿಲ್ಲ. ಊರಿನ ಸಭೆಯಲ್ಲಿ ಬಡವರು ಎದ್ದು ನಿಂತು, ಜಮೀನ್ದಾರನ ಎದುರಿಗೇ ತಮ್ಮ ಸಂಕಟ ಹೇಳಿಕೊಳ್ಳಬೇಕಿತ್ತು. ಹಾಗೆ ಒಮ್ಮೆ ಬಾಯಿಬಿಟ್ಟು, ಅವನ ಹೊಲವನ್ನೂ ತೆಗೆದುಕೊಂಡವನಿಗೆ ಹಿಂದಿರುಗುವ ದಾರಿ ಇರಲಿಲ್ಲ. ಕುವೊಮಿಂಟಾಂಗ್ ಸೈನ್ಯ ಊರು ಹೊಕ್ಕರೆ ಅದರ ಬೆನ್ನಿಗೇ ಓಡಿಹೋಗಿದ್ದ ಜಮೀನ್ದಾರರ ಸಶಸ್ತ್ರ ಗುಂಪುಗಳು ಬರುತ್ತಿದ್ದವು, ಹೊಲ ಕಿತ್ತುಕೊಂಡು ಸೇಡು ತೀರಿಸಿಕೊಳ್ಳುತ್ತಿದ್ದವು. ಅಂದರೆ ಹೊಲ ಸಿಕ್ಕ ಸಂತೋಷದ ಜೊತೆಗೆ ಅದನ್ನು ಕಳೆದುಕೊಳ್ಳುವ ಭಯವೂ ಮನೆ ಹೊಕ್ಕಿತ್ತು. ಮಗ ಸೈನ್ಯಕ್ಕೆ ಸೇರಿದರೆ ಅವನ ಪಾಲಿನ ಹೊಲವನ್ನು ಊರವರೇ ಉತ್ತುಕೊಡುವ ಏರ್ಪಾಡೂ ಇತ್ತು. ಆಸೆ, ಭಯ, ಏರ್ಪಾಡು, ಈ ಮೂರೂ ಸೇರಿದ ಮೇಲೆಯೇ ನನಗೆ ಕೊಂಡಿ ಕೂಡಿಕೊಂಡಿತು.

ಇದು ಕೈಮೀರಿದ್ದೂ ಉಂಟು. 1947ರ ಕೊನೆಗೆ ಹಲವು ಊರುಗಳಲ್ಲಿ ತಮ್ಮದೇ ತುಂಡು ಹೊಲ ಉಳುವ ಮಧ್ಯಮ ರೈತರನ್ನೂ ಶತ್ರುಗಳ ಪಟ್ಟಿಗೆ ಸೇರಿಸಿ ಬಡಿದರು, ಕೊಂದರು. ಅವರು ತಿರುಗಿಬಿದ್ದರೆ ಸೈನ್ಯಕ್ಕೆ ಧಾನ್ಯವೇ ಇಲ್ಲ. 1948ರ ಆರಂಭದಲ್ಲಿ ಪಕ್ಷವೇ ಲಗಾಮು ಎಳೆಯಿತು. ಸತ್ತವರಿಗೆ ಆ ತಿದ್ದುಪಡಿಯಿಂದ ಏನೂ ಸಿಗಲಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಬಿಡಬಾರದು.

ರೈತರಿಂದಲೇ ಎಲ್ಲವೂ ಆಯಿತೆಂದೂ ಬರೆಯಬೇಡಿ. ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಸೋವಿಯತ್ ಸೈನ್ಯದ ಮೂಲಕ ಕಮ್ಯುನಿಸ್ಟರಿಗೆ ಸಿಕ್ಕ ಜಪಾನಿ ಆಯುಧಗಳು, ಕುವೊಮಿಂಟಾಂಗ್ ನೋಟುಗಳ ಬೆಲೆ ಕುಸಿದದ್ದು, ಸೆರೆಸಿಕ್ಕ ಸೈನಿಕರನ್ನು ಕಮ್ಯುನಿಸ್ಟರು ತಮ್ಮ ಪಡೆಗೇ ಸೇರಿಸಿಕೊಂಡದ್ದು, ಇವೆಲ್ಲ ತೂಕದ ಕಾರಣಗಳೇ.

ಈಗ ರೈತರ ಬೆಂಬಲ ಯುದ್ಧಭೂಮಿಯಲ್ಲಿ ಹೇಗೆ ಕೆಲಸ ಮಾಡಿತೆಂದು ತೋರಿಸುವ ಹುವಾಯ್‌ಹಾಯ್ ಕದನ: 1948ರ ನವೆಂಬರ್ 6ರಿಂದ 1949ರ ಜನವರಿ 10ರವರೆಗೆ. ನಡುವೆ ಶುಝೌ ನಗರ, ಎರಡು ರೈಲುಹಾದಿಗಳು ಕೂಡುವ ಜಾಗ. ಕುವೊಮಿಂಟಾಂಗ್ ಪಡೆಗಳ ಜೀವ ಆ ಹಳಿಗಳ ಮೇಲೆ ಮತ್ತು ವಿಮಾನಗಳ ಮೇಲೆ ನಿಂತಿತ್ತು. ಎದುರು ಪಕ್ಷದ್ದು ಒಂಟಿಗಾಲಿಯ ಮರದ ತಳ್ಳುಗಾಡಿ. ನಡುವೆ ಒಂದೇ ಚಕ್ರ, ಎರಡೂ ಬದಿಗೆ ಧಾನ್ಯದ ಮೂಟೆ, ಹಿಂದೆ ಹಿಡಿ ಹಿಡಿದು ತಳ್ಳುವ ರೈತ. ಅದಕ್ಕೆ ರಸ್ತೆ ಬೇಡ, ಹೊಲದ ಬದುವಿನ ಮೇಲೂ ಸಾಗುತ್ತದೆ. ಚೀನಾದ ಅಧಿಕೃತ ಲೆಕ್ಕದಲ್ಲಿ ಈ ಕದನಕ್ಕೆ ದುಡಿದ ಊರಜನ 54 ಲಕ್ಷಕ್ಕೂ ಹೆಚ್ಚು. ಯುದ್ಧರಂಗದ ಹಿಂದಿನ ಊರುಗಳಲ್ಲಿ ಹೆಂಗಸರು ಹಿಟ್ಟು ಬೀಸಿ, ಸೈನಿಕರಿಗೆ ಬಟ್ಟೆಯ ಬೂಟು ಹೊಲಿದು ಕಳಿಸುತ್ತಿದ್ದರು. ಈ ಗೆಲುವನ್ನು ರೈತರು ತಳ್ಳುಗಾಡಿಯಲ್ಲಿ ತಳ್ಳಿ ತಂದರು ಎಂಬುದು ಕಮ್ಯುನಿಸ್ಟ್ ಸೇನಾನಿ ಚೆನ್ ಯಿ ಹೇಳಿದರೆಂದು ಪ್ರಸಿದ್ಧವಾದ ಮಾತು.

ನವೆಂಬರ್ ಕೊನೆಗೆ ಕುವೊಮಿಂಟಾಂಗ್ ಸೇನಾಪತಿ ದು ಯುಮಿಂಗ್ ಶುಝೌ ಬಿಟ್ಟು ಹೊರಟ. ದಾರಿಯಲ್ಲಿ ಚೆನ್‌ಗುವಾನ್‌ಝುವಾಂಗ್ ಎಂಬಲ್ಲಿ ಅವನ ಪಡೆಗಳು ಸುತ್ತುವರಿಯಲ್ಪಟ್ಟವು. ಡಿಸೆಂಬರ್‌ನ ಹಿಮ ಸುರಿದಾಗ ವಿಮಾನಗಳು ಆಹಾರ ಎಸೆಯಲಾಗಲಿಲ್ಲ. ಸೈನಿಕರು ಕುದುರೆಗಳನ್ನು ಕಡಿದು ತಿಂದರು. ಅದೇ ಹಿಮದಲ್ಲಿ ಆಚೆ ಕಡೆಗೆ ತಳ್ಳುಗಾಡಿಗಳು ಬರುತ್ತಲೇ ಇದ್ದವು. ಹಸಿದವರು ಗುಂಪುಗುಂಪಾಗಿ ದಾಟಿ ಶರಣಾದರು. ಜನವರಿ 10ರಂದು ದು ಯುಮಿಂಗ್ ಸೆರೆಸಿಕ್ಕ, ಅಷ್ಟರಲ್ಲಿ ಕುವೊಮಿಂಟಾಂಗ್ 5 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಯಾಂಗ್‌ಟ್ಸೆ ನದಿಯವರೆಗಿನ ದಾರಿ ತೆರೆದುಕೊಂಡಿತು, ಏಪ್ರಿಲ್ 23ರಂದು ಕುವೊಮಿಂಟಾಂಗ್‌ನ ರಾಜಧಾನಿ ನಾನ್‌ಜಿಂಗ್ ಬಿತ್ತು.