ಮೂರು ಮಾರ್ಗಗಳು ಮೂರಾದದ್ದು ಹೇಗೆ?

ತತ್ವಶಾಸ್ತ್ರದ ಪರೀಕ್ಷೆಯಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದಿದೆ: "ಭಗವದ್ಗೀತೆ ಹೇಳುವ ಮೂರು ಮಾರ್ಗಗಳನ್ನು ವಿವರಿಸಿ." ವಿದ್ಯಾರ್ಥಿಗಳಿಗೆ ಉತ್ತರ ಬಾಯಿಪಾಠ. ಕರ್ಮ, ಜ್ಞಾನ, ಭಕ್ತಿ ಅಂತ ಮೂರು ಶೀರ್ಷಿಕೆ ಹಾಕಿ, ಒಂದೊಂದರ ಕೆಳಗೆ ನಾಲ್ಕು ಸಾಲು ಬರೆದರೆ ಅಂಕ ಬರುತ್ತದೆ.

ಆದರೆ ಗೀತೆಯನ್ನೇ ತೆರೆದು ನೋಡಿದರೆ ಲೆಕ್ಕ ತಪ್ಪುತ್ತದೆ. 3ನೇ ಅಧ್ಯಾಯದ 3ನೇ ಶ್ಲೋಕದಲ್ಲಿ ಕೃಷ್ಣ ಹೇಳುವುದು ಎರಡೇ ನಿಷ್ಠೆ, ಅಂದರೆ ಎರಡೇ ದಾರಿ: ಸಾಂಖ್ಯರಿಗೆ, ಅಂದರೆ ತತ್ವವಿಚಾರ ಮಾಡುವವರಿಗೆ, ಜ್ಞಾನಯೋಗ, ಯೋಗಿಗಳಿಗೆ ಕರ್ಮಯೋಗ. 13ನೇ ಅಧ್ಯಾಯದಲ್ಲಿ ಒಂದು ಕಡೆ ಮೂರರ ಪಟ್ಟಿ ಬರುತ್ತದೆ, ನಿಜ. ಅಲ್ಲಿರುವುದು ಧ್ಯಾನ, ಸಾಂಖ್ಯ, ಕರ್ಮ. ಭಕ್ತಿಯ ಹೆಸರಿಲ್ಲ! ಹಾಗಂತ ಗೀತೆಯಲ್ಲಿ ಭಕ್ತಿ ಇಲ್ಲ ಎಂದಲ್ಲ. 12ನೇ ಅಧ್ಯಾಯ ಪೂರ್ತಿ ಅದೇ. ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ "ಇವೇ ಮೂರು ದಾರಿ" ಎಂದು ಎಣಿಸಿದ್ದು ಗೀತೆಯಲ್ಲ, ಅಷ್ಟೇ. ಎಣಿಸಿದವರು ಯಾರು, ಅದಕ್ಕೂ ಮೊದಲು ಇದ್ದ ಜಗಳ ಏನು ಎಂಬುದು ಗೊತ್ತಾದರೆ ಉತ್ತರ ಬರೆಯುವುದೂ ಸುಲಭ.

ಮೊದಲಿದ್ದದ್ದು ಎರಡರ ಜಗಳ. ವೇದದಲ್ಲಿ ಯಜ್ಞಯಾಗಗಳನ್ನು ಹೇಳುವ ಭಾಗ ಕರ್ಮಕಾಂಡ. ಉಪನಿಷತ್ತುಗಳ ಭಾಗ ಜ್ಞಾನಕಾಂಡ. ಮೊದಲನೆಯದನ್ನು ವಿಚಾರ ಮಾಡಿದ್ದು ಜೈಮಿನಿಯ ಪೂರ್ವಮೀಮಾಂಸೆ, ಎರಡನೆಯದನ್ನು ಬಾದರಾಯಣರ ಉತ್ತರಮೀಮಾಂಸೆ, ಅಂದರೆ ವೇದಾಂತ. ಆಗ ಕರ್ಮ ಅಂದರೆ ಆಫೀಸು ಕೆಲಸವೋ ಸಮಾಜಸೇವೆಯೋ ಅಲ್ಲ. ಅಗ್ನಿಹೋತ್ರ, ಸಂಧ್ಯಾವಂದನೆ, ಸ್ವರ್ಗ ಬೇಕು ಎಂದು ಮಾಡುವ ಯಾಗ, ಇವೇ ಕರ್ಮ. ದಿನವೂ ಮಾಡಲೇಬೇಕಾದದ್ದು ನಿತ್ಯ, ಯಾವುದೋ ಆಸೆಗಾಗಿ ಮಾಡುವುದು ಕಾಮ್ಯ, ಮಾಡಬಾರದ್ದು ನಿಷಿದ್ಧ. ಇದನ್ನೆಲ್ಲ ಬಿಟ್ಟು ಕಾಡಿಗೆ ಹೋಗಿ ಆತ್ಮವಿಚಾರ ಮಾಡಬೇಕು ಎನ್ನುವವರು ಇನ್ನೊಂದು ಕಡೆ. ಒಂದು ಗೃಹಸ್ಥನ ದಾರಿ, ಇನ್ನೊಂದು ಸಂನ್ಯಾಸಿಯ ದಾರಿ.

ಅರ್ಜುನನ ಗೊಂದಲವೂ ಇದೇ. "ಕರ್ಮಕ್ಕಿಂತ ಜ್ಞಾನವೇ ದೊಡ್ಡದು ಎನ್ನುವುದಾದರೆ ಈ ಘೋರ ಕೆಲಸಕ್ಕೆ ನನ್ನನ್ಯಾಕೆ ದೂಡುತ್ತೀ?" ಎಂದು 3ನೇ ಅಧ್ಯಾಯದ ಶುರುವಿನಲ್ಲೇ ಕೇಳುತ್ತಾನೆ. ಎರಡೂ ಬೆರೆಸಿ ಮಾತಾಡಿ ತಲೆ ಕೆಡಿಸಬೇಡ, ಒಂದನ್ನು ಖಚಿತವಾಗಿ ಹೇಳು ಅನ್ನುತ್ತಾನೆ. ಉತ್ತರ ಕೇಳಿದ ಮೇಲೂ ಸಮಾಧಾನವಾಗುವುದಿಲ್ಲ. 5ನೇ ಅಧ್ಯಾಯದ ಮೊದಲ ಶ್ಲೋಕದಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಮತ್ತೆ. ಕೃಷ್ಣನ ಉತ್ತರ: ಎರಡೂ ಒಳ್ಳೆಯದನ್ನೇ ಮಾಡುತ್ತವೆ, ಆದರೆ ಕರ್ಮವನ್ನು ಬಿಟ್ಟುಬಿಡುವುದಕ್ಕಿಂತ ಕರ್ಮಯೋಗ ಮೇಲು.

ಪ್ರಶ್ನೆ: ಕರ್ಮಯೋಗ ಎಂದರೇನು? (2 ಅಂಕ)
ಉತ್ತರ: ತನ್ನ ಪಾಲಿನ ಕೆಲಸವನ್ನು ಬಿಡದೆ, ಅದರ ಫಲಕ್ಕೆ ಅಂಟಿಕೊಳ್ಳದೆ ಮಾಡುವುದು ಕರ್ಮಯೋಗ. ಗೀತೆ ಇಲ್ಲಿ ಬಿಡಬೇಕು ಎನ್ನುವುದು ಕೆಲಸವನ್ನಲ್ಲ, ಫಲದ ಆಸೆಯನ್ನು.

ಈ ಉತ್ತರಕ್ಕೆ ಎಲ್ಲರೂ ಕೊಡುವ ಆಧಾರ "ಕರ್ಮಣ್ಯೇವಾಧಿಕಾರಸ್ತೇ", 2ನೇ ಅಧ್ಯಾಯದ 47ನೇ ಶ್ಲೋಕ. ಅದನ್ನು ಅರ್ಧಕ್ಕೇ ನಿಲ್ಲಿಸುವುದು ನಮ್ಮಲ್ಲಿ ಜಾಸ್ತಿ. ಆ ಶ್ಲೋಕದಲ್ಲಿ ನಾಲ್ಕು ಮಾತಿವೆ. ಕರ್ಮ ಮಾಡುವುದರಲ್ಲಿ ಮಾತ್ರ ನಿನಗೆ ಅಧಿಕಾರ. ಫಲದಲ್ಲಿ ಎಂದೂ ಇಲ್ಲ. ಫಲಕ್ಕೆ ನೀನೇ ಕಾರಣ ಎಂದುಕೊಳ್ಳಬೇಡ. ನಾಲ್ಕನೆಯದು, ಸುಮ್ನೆ ಕೂರುವ ಆಸೆಯೂ ಬೇಡ. ಈ ಕೊನೆಯದು ಬಿಟ್ಟುಹೋದರೆ ಕರ್ಮಯೋಗಕ್ಕೂ ಸೋಮಾರಿಯ ವೈರಾಗ್ಯಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಅರ್ಜುನ ಆಗ ತಾನೇ ಬಿಲ್ಲು ಕೆಳಗಿಟ್ಟು ರಥದಲ್ಲಿ ಕುಳಿತಿದ್ದಾನೆ. ಅವನಿಗೆ ಬೇಕಿದ್ದ ಮಾತು ಮುಖ್ಯವಾಗಿ ಅದೇ ಅಲ್ವಾ?

ಜ್ಞಾನಮಾರ್ಗದ ಬಗ್ಗೆ ಪರೀಕ್ಷೆಯಲ್ಲಿ ಆಗುವ ತಪ್ಪು ಬೇರೆ. "ಪುಸ್ತಕ ಓದಿ ಜ್ಞಾನ ಪಡೆಯುವುದು" ಎಂದು ಬರೆದರೆ ಅರ್ಧ ಅಂಕವೂ ಸಿಗಬಾರದು.

ಪ್ರಶ್ನೆ: ಜ್ಞಾನಮಾರ್ಗದ ಹಂತಗಳನ್ನು ತಿಳಿಸಿ. (3 ಅಂಕ)
ಉತ್ತರ: ಗುರುವಿನಿಂದ ಉಪನಿಷತ್ತಿನ ಮಾತನ್ನು ಕೇಳುವುದು ಶ್ರವಣ. ಕೇಳಿದ್ದರಲ್ಲಿ ಸಂಶಯ ಉಳಿಯದಂತೆ ಯುಕ್ತಿಯಿಂದ ಯೋಚಿಸುವುದು ಮನನ. ಅದರಲ್ಲೇ ಬುದ್ಧಿಯನ್ನು ಬಿಡದೆ ನಿಲ್ಲಿಸುವುದು ನಿದಿಧ್ಯಾಸನ. ಅದ್ವೈತದಲ್ಲಿ ಇದಕ್ಕೆ ಮೊದಲು ವಿವೇಕ, ವೈರಾಗ್ಯ, ಶಮ ದಮ ಮೊದಲಾದ ಆರು ಗುಣಗಳು ಮತ್ತು ಮೋಕ್ಷದ ಬಯಕೆ, ಈ ನಾಲ್ಕು ಅರ್ಹತೆ ಬೇಕು.

ಇಲ್ಲೇ ಒಂದು ತೊಡಕು ಇದೆ. ಯಜ್ಞ ಮಾಡಲು ಉಪನಯನ ಆಗಿರಬೇಕು, ಹೆಂಡತಿ ಇರಬೇಕು, ಖರ್ಚಿಗೆ ಹಣ ಬೇಕು. ವೇದಾಂತ ಕೇಳಲು ವೇದದ ಅಧಿಕಾರ ಬೇಕು. ಅದು ಶೂದ್ರರಿಗೆ ಇಲ್ಲ ಎಂದು ಬಾದರಾಯಣರ ಬ್ರಹ್ಮಸೂತ್ರದ ಭಾಷ್ಯಗಳು ಹೇಳಿಬಿಟ್ಟಿವೆ. ಊರಿನ ಜಾಸ್ತಿ ಜನರಿಗೆ ಎರಡು ದಾರಿಯೂ ಮುಚ್ಚಿದ್ದವು. ಗೀತೆಯ 9ನೇ ಅಧ್ಯಾಯ ಓದುವಾಗ ಈ ಹಿನ್ನೆಲೆ ನೆನಪಿರಬೇಕು. ಭಕ್ತಿಯಿಂದ ಕೊಟ್ಟರೆ ಎಲೆ, ಹೂವು, ಹಣ್ಣು, ನೀರು ಸಾಕು ಎಂಬ ಮಾತು ಇರುವುದು ಅಲ್ಲಿ. ನನ್ನನ್ನು ಆಶ್ರಯಿಸಿದರೆ ಹೆಂಗಸರು, ವೈಶ್ಯರು, ಶೂದ್ರರು ಸಹ ಪರಮಗತಿ ಪಡೆಯುತ್ತಾರೆ ಎಂಬ ಮಾತೂ ಅಲ್ಲೇ. ಆ "ಸಹ" ಇವತ್ತು ಓದುವವರಿಗೆ ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಆದರೂ ಬಾಗಿಲು ತೆರೆದದ್ದು ಆ ಕಡೆಯಿಂದಲೇ.

ಮೂರನ್ನೂ ಸ್ಪಷ್ಟವಾಗಿ ಎಣಿಸಿದ್ದು ಭಾಗವತ ಪುರಾಣ. 11ನೇ ಸ್ಕಂಧದ 20ನೇ ಅಧ್ಯಾಯದಲ್ಲಿ ಕೃಷ್ಣ ಉದ್ಧವನಿಗೆ ಹೇಳುತ್ತಾನೆ: ಮನುಷ್ಯರ ಒಳಿತಿಗಾಗಿ ನಾನು ಮೂರು ಯೋಗ ಹೇಳಿದ್ದೇನೆ, ಜ್ಞಾನ, ಕರ್ಮ, ಭಕ್ತಿ. ಬೇರೆ ಉಪಾಯ ಎಲ್ಲೂ ಇಲ್ಲ. ಯಾವುದು ಯಾರಿಗೆ ಎಂದೂ ಅಲ್ಲೇ ಹಂಚುತ್ತಾನೆ. ಕರ್ಮದಲ್ಲಿ ಬೇಸರ ಬಂದು ಬಿಟ್ಟವರಿಗೆ ಜ್ಞಾನ. ಆಸೆ ಇನ್ನೂ ಇರುವವರಿಗೆ ಕರ್ಮ. ಪೂರ್ತಿ ಬೇಸರವೂ ಇಲ್ಲ, ತೀರಾ ಅಂಟೂ ಇಲ್ಲ, ಆದರೆ ದೇವರ ಕಥೆ ಕೇಳಲು ಹೇಗೋ ಶ್ರದ್ಧೆ ಹುಟ್ಟಿದೆ ಎನ್ನುವವರಿಗೆ ಭಕ್ತಿ. ನಮ್ಮಲ್ಲಿ ಬಹಳ ಜನ ಈ ಮೂರನೇ ಗುಂಪಿನವರೇ ಇರಬೇಕು.

ಮುಂದಿನ ಶ್ಲೋಕವನ್ನೂ ಗಮನಿಸಬೇಕು. ಬೇಸರ ಬರುವ ತನಕ, ಇಲ್ಲವೇ ನನ್ನ ಕಥೆ ಕೇಳುವುದರಲ್ಲಿ ಶ್ರದ್ಧೆ ಹುಟ್ಟುವ ತನಕ ಕರ್ಮ ಮಾಡುತ್ತಿರಬೇಕು ಎನ್ನುತ್ತದೆ ಅದು. ಅಂದರೆ ಭಾಗವತಕ್ಕೆ ಇವು ಅಕ್ಕಪಕ್ಕ ಓಡುವ ಮೂರು ಸಮಾನ ರಸ್ತೆಗಳಲ್ಲ. ಕರ್ಮ ಎಲ್ಲರೂ ಶುರು ಮಾಡುವ ಜಾಗ, ಅಲ್ಲಿಂದ ಮುಂದಕ್ಕೆ ಎರಡು ಕವಲು.

ಪ್ರಶ್ನೆ: ಮೂರು ಯೋಗಗಳ ಎಣಿಕೆಗೆ ಆಧಾರವೇನು? (2 ಅಂಕ)
ಉತ್ತರ: ಗೀತೆ 3.3 ಜ್ಞಾನ ಮತ್ತು ಕರ್ಮ ಎಂಬ ಎರಡು ನಿಷ್ಠೆಗಳನ್ನು ಹೇಳುತ್ತದೆ. ಭಕ್ತಿಯನ್ನು ಸೇರಿಸಿ ಮೂರನ್ನೂ ಒಟ್ಟಿಗೆ ಎಣಿಸುವುದು ಭಾಗವತ 11.20.

ಗೀತೆಯ 18 ಅಧ್ಯಾಯಗಳನ್ನು ಆರಾರರಂತೆ ಕರ್ಮ, ಭಕ್ತಿ, ಜ್ಞಾನ ಎಂದು ಹಂಚುವ ಪದ್ಧತಿಯನ್ನು ಅದ್ವೈತದ ಮಧುಸೂದನ ಸರಸ್ವತಿಯವರ ವ್ಯಾಖ್ಯಾನದಲ್ಲಿ ಕಾಣಬಹುದು. ಅದಕ್ಕೂ ಬಹಳ ಹಿಂದೆಯೇ ಶ್ರೀವೈಷ್ಣವರ ಯಾಮುನಾಚಾರ್ಯರು ಗೀತೆಯನ್ನು ಆರಾರರಂತೆ ಒಡೆದು, ನಡುವಿನ ಆರನ್ನು ಭಕ್ತಿಗೆ ಕೊಟ್ಟಿದ್ದರು. ಪಠ್ಯಪುಸ್ತಕದ "ಗೀತೆಯ ಮೂರು ಮಾರ್ಗ" ಎಂಬ ಮಾತಿನ ಹಿಂದೆ ಇಂಥ ವ್ಯಾಖ್ಯಾನಗಳ ಕೈ ಇದೆ.

ಆಚಾರ್ಯರ ನಡುವಿನ ಜಗಳ ಮಾರ್ಗ ಎಷ್ಟು ಎಂಬುದರ ಬಗ್ಗೆ ಅಲ್ಲ. ಯಾವುದು ಕೊನೆಯ ಮೆಟ್ಟಿಲು ಎಂಬುದರ ಬಗ್ಗೆ. ಒಂದೇ ಶ್ಲೋಕದಲ್ಲಿ ಇದನ್ನು ನೋಡಬಹುದು: 18ನೇ ಅಧ್ಯಾಯದ 66ನೆಯದು, "ಸರ್ವಧರ್ಮಾನ್ ಪರಿತ್ಯಜ್ಯ". ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನಿಗೇ ಶರಣು ಬಾ, ಎಲ್ಲ ಪಾಪಗಳಿಂದ ಬಿಡಿಸುತ್ತೇನೆ. ಬಿಡಬೇಕಾದದ್ದು ಏನು ಎಂಬುದೇ ಪ್ರಶ್ನೆ.

ಪ್ರಶ್ನೆ: ಗೀತೆ 18.66ಕ್ಕೆ ಮೂವರು ಆಚಾರ್ಯರ ಅರ್ಥವನ್ನು ಹೋಲಿಸಿ. (5 ಅಂಕ)
ಉತ್ತರ: ಶಂಕರರ ಪ್ರಕಾರ ಇಲ್ಲಿ ಧರ್ಮ ಎಂದರೆ ಅಧರ್ಮವೂ ಸೇರಿ ಎಲ್ಲ ಕರ್ಮ. ಕರ್ಮ ಚಿತ್ತವನ್ನು ಶುದ್ಧ ಮಾಡುತ್ತದೆ, ಮೋಕ್ಷ ಕೊಡುವುದು ಜ್ಞಾನ ಮಾತ್ರ. ಆದ್ದರಿಂದ ಕೊನೆಗೆ ಕರ್ಮವನ್ನೆಲ್ಲ ಬಿಡಬೇಕು. ರಾಮಾನುಜರು ಇಲ್ಲಿ ಧರ್ಮ ಎಂದರೆ ಕರ್ಮಯೋಗ, ಜ್ಞಾನಯೋಗ, ಭಕ್ತಿಯೋಗಗಳೇ ಎನ್ನುತ್ತಾರೆ. ಅವುಗಳನ್ನು ಮಾಡುತ್ತಲೇ ಫಲವನ್ನೂ 'ನಾನು ಮಾಡಿದೆ' ಎಂಬುದನ್ನೂ ಬಿಡಬೇಕು. ಅವರಿಗೆ ಕರ್ಮ ಮತ್ತು ಜ್ಞಾನ ಭಕ್ತಿಯ ಅಂಗಗಳು. ಮಧ್ವರ ಪ್ರಕಾರ ಧರ್ಮತ್ಯಾಗ ಎಂದರೆ ಫಲತ್ಯಾಗ. ಮೋಕ್ಷಕ್ಕೆ ವಿಷ್ಣುವಿನ ಪ್ರಸಾದ, ಅಂದರೆ ಕೃಪೆ, ಬೇಕು, ಅದು ಜ್ಞಾನದಿಂದ ಕೂಡಿದ ಭಕ್ತಿಗೆ ಸಿಗುತ್ತದೆ.

ಮಧ್ವರು ಕೊಡುವ ಕಾರಣ ಬಹಳ ಚುರುಕಾದದ್ದು. ಧರ್ಮವನ್ನೇ ಬಿಡು ಎಂದಿದ್ದರೆ ಯುದ್ಧ ಮಾಡು ಎಂದು ಹೇಳಿದ್ದು ಹೇಗೆ? ಇಷ್ಟೇ ಅವರ ವಾದ. ಅವರ ಭಕ್ತಿಯ ವ್ಯಾಖ್ಯೆಯಲ್ಲೂ ಜ್ಞಾನ ಒಳಗೇ ಇದೆ: ದೇವರ ಹಿರಿಮೆಯನ್ನು ತಿಳಿದ ಮೇಲೆ ಹುಟ್ಟುವ, ಎಲ್ಲಕ್ಕಿಂತ ಹೆಚ್ಚಿನ ಗಟ್ಟಿ ಪ್ರೀತಿ. ಮಧ್ವರ ಈ ತತ್ವವನ್ನು ಕನ್ನಡದ ಹಾಡಾಗಿಸಿ ಮನೆಮನೆಗೆ ಮುಟ್ಟಿಸಿದವರು ಹರಿದಾಸರು.

ಯುದ್ಧದ ವಾದವನ್ನು ಇನ್ನೊಬ್ಬರು ಬೇರೆ ಉದ್ದೇಶಕ್ಕೆ ಎತ್ತಿಕೊಂಡರು. ಬಾಲಗಂಗಾಧರ ತಿಲಕರು ಮಂಡಾಲೆ ಜೈಲಿನಲ್ಲಿ ಬರೆದ 'ಗೀತಾರಹಸ್ಯ' 1915ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ಗೀತೆ ಕೇಳಿ ಅರ್ಜುನ ಕಾಡಿಗೆ ಹೋಗಲಿಲ್ಲ, ಯುದ್ಧ ಮಾಡಿದ. ಹಾಗಾಗಿ ಗೀತೆಯ ಮುಖ್ಯ ಮಾತು ಕರ್ಮಯೋಗವೇ, ಸಂನ್ಯಾಸವಲ್ಲ ಎಂದು ಅವರು ವಾದಿಸಿದರು. ಅದನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಕರ್ಮ ಎಂದರೆ ಯಜ್ಞ ಎಂಬ ಹಳೆಯ ಅರ್ಥ ಹಿಂದೆ ಸರಿದು, ದೇಶದ ಕೆಲಸವೂ ಕರ್ಮಯೋಗ ಎಂಬ ಮಾತು ಬಲವಾಗಿ ಕೇಳಿಬಂದದ್ದು ಈ ಕಾಲದಲ್ಲಿ.

ಅದಕ್ಕೂ ಮೊದಲು ಸ್ವಾಮಿ ವಿವೇಕಾನಂದರು 1895-96ರಲ್ಲಿ ನ್ಯೂಯಾರ್ಕಿನಲ್ಲಿ ಉಪನ್ಯಾಸ ಕೊಟ್ಟಾಗ ಪತಂಜಲಿಯ ಯೋಗವನ್ನೂ ರಾಜಯೋಗ ಎಂದು ಸೇರಿಸಿಕೊಂಡಿದ್ದರು. ಮೂರು ನಾಲ್ಕಾಯಿತು. ಹಂಚುವ ರೀತಿಯೂ ಬದಲಾಯಿತು. ಭಾಗವತ ಕೇಳುತ್ತಿದ್ದದ್ದು "ನಿನ್ನ ಆಸೆ ಎಷ್ಟು ಕರಗಿದೆ?" ಎಂದು. ವಿವೇಕಾನಂದರು ನೋಡಿದ್ದು ಸ್ವಭಾವವನ್ನು. ಕೆಲಸದ ಹುರುಪಿನವನಿಗೆ ಕರ್ಮ, ಭಾವುಕನಿಗೆ ಭಕ್ತಿ, ವಿಚಾರವಂತನಿಗೆ ಜ್ಞಾನ, ಮನಸ್ಸನ್ನು ಒಳಗೆ ತಿರುಗಿಸುವವನಿಗೆ ರಾಜಯೋಗ. ಇಂದಿನ ಗೈಡ್ ಪುಸ್ತಕಗಳಲ್ಲಿ "ಅವರವರ ಸ್ವಭಾವಕ್ಕೆ ತಕ್ಕ ಮಾರ್ಗ" ಎಂಬ ಸಾಲು ಇದ್ದರೆ, ಅದು ಶಂಕರರಿಗಿಂತ ವಿವೇಕಾನಂದರಿಗೆ ಹತ್ತಿರ.

ಪ್ರಶ್ನೆ: ಮಾರ್ಗಗಳು ಮೂರೋ ನಾಲ್ಕೋ? (2 ಅಂಕ)
ಉತ್ತರ: ಭಾಗವತ 11.20ರ ಪ್ರಕಾರ ಜ್ಞಾನ, ಕರ್ಮ, ಭಕ್ತಿ ಎಂಬ ಮೂರು. ವಿವೇಕಾನಂದರ ವಿಂಗಡಣೆಯಲ್ಲಿ ರಾಜಯೋಗ ಸೇರಿ ನಾಲ್ಕು. ಯಾರ ಲೆಕ್ಕ ಎಂದು ಹೆಸರು ಹೇಳದೆ ಬರೆದ ಉತ್ತರ ಪೂರ್ಣವಲ್ಲ.