ಹೂಡಿಕೆದಾರರ ಕರೆಗೆ ಆಹ್ವಾನ: ಶಿರಸಿಯ ಮುರುಗಲು ಲೆಕ್ಕದಲ್ಲಿ

ಶಿರಸಿಯಲ್ಲಿ ಮುರುಗಲು ಶರಬತ್ತು ಮಾಡುವ ಒಂದು ಸಣ್ಣ ಖಾಸಗಿ ಕಂಪನಿ ಇದೆ ಅಂದುಕೊಳ್ಳೋಣ. ಏಪ್ರಿಲ್–ಜೂನ್ ತ್ರೈಮಾಸಿಕ ಮುಗಿದಿದೆ. ಜುಲೈಯಲ್ಲಿ ಹೂಡಿಕೆದಾರರ ಜೊತೆ 45 ನಿಮಿಷದ ಕರೆ. ಆಹ್ವಾನದಲ್ಲಿ ಯಾವ ಅಂಕಿ ಹಾಕಬೇಕು?

ಮೊದಲು ಮಾರಾಟ. ಈ ಮೂರು ತಿಂಗಳಲ್ಲಿ 48 ಲಕ್ಷ. ಜನವರಿ–ಮಾರ್ಚ್‌ನಲ್ಲಿ 30 ಲಕ್ಷ ಇತ್ತು. ಹಾಗಾದರೆ ಶೇ 60 ಏರಿಕೆ ಅಂತ ಬರೆಯಬಹುದಲ್ವಾ? ಬರೆಯಬಾರದು. ಬೇಸಿಗೆಯಲ್ಲಿ ಶರಬತ್ತು ಹೇಗೂ ಜಾಸ್ತಿ ಹೋಗುತ್ತದೆ. ಹೋದ ವರ್ಷದ ಇದೇ ಮೂರು ತಿಂಗಳಲ್ಲಿ 40 ಲಕ್ಷ ಆಗಿತ್ತು. ನಿಜವಾದ ಏರಿಕೆ ಶೇ 20. ಹಂಗಾಮಿನ ವ್ಯಾಪಾರಕ್ಕೆ ಹೋಲಿಕೆ ಹೋದ ವರ್ಷದ ಜೊತೆಗೇ.

ಇನ್ನು ಕೈಯಲ್ಲಿರುವ ಹಣ. ನಾನು ಎಡವಿದ್ದು ಇಲ್ಲೇ. ಏಪ್ರಿಲ್ ಶುರುವಿನಲ್ಲಿ 34 ಲಕ್ಷ ಇತ್ತು, ಜೂನ್ ಕೊನೆಗೆ 18 ಲಕ್ಷ. ಕರಗಿದ್ದು 16 ಲಕ್ಷ. ಅದನ್ನು ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 5 ಲಕ್ಷದ ಮೇಲೆ. ಅಂದರೆ ಉಳಿದ ದುಡ್ಡು ಮೂರೂವರೆ ತಿಂಗಳಿಗೂ ಸಾಲದು! ಆದರೆ ಆ 16ರಲ್ಲಿ 10 ಲಕ್ಷ ಹೋಗಿದ್ದು ಇಡೀ ವರ್ಷಕ್ಕೆ ಬೇಕಾದ ಹಣ್ಣಿಗೆ. ಅದನ್ನು ಬದಿಗಿಟ್ಟರೆ ತಿಂಗಳಿಗೆ ಕರಗುವುದು 2 ಲಕ್ಷ, 18 ಲಕ್ಷ ಒಂಬತ್ತು ತಿಂಗಳಿಗೆ ಬರುತ್ತದೆ.

ಸಮಾಧಾನ ಆಯಿತಾ? ಜುಲೈಯಿಂದ ಒಂಬತ್ತು ತಿಂಗಳು ಎಣಿಸಿ. ಮಾರ್ಚ್ ಕೊನೆ. ಏಪ್ರಿಲ್‌ನಲ್ಲಿ ಹೊಸ ಹಣ್ಣು ಬರುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಖಾಲಿ. ಮಳೆಗಾಲದಲ್ಲಿ ಮಾರಾಟ ಇಳಿದರೆ ಇನ್ನೂ ಮೊದಲೇ. ಅದಕ್ಕೇ ಹೋದ ವರ್ಷದ ಜುಲೈ–ಮಾರ್ಚ್ ಖರ್ಚನ್ನೂ ಒಮ್ಮೆ ನೋಡಿಕೊಳ್ಳಬೇಕು.

ಈ ಲೆಕ್ಕದಿಂದಲೇ ಚರ್ಚೆಯ ವಿಷಯ ಹುಟ್ಟುತ್ತದೆ. ‘ಹಣಕಾಸು ಸ್ಥಿತಿ’ ಅಂತ ಸುಮ್ನೆ ಬರೆದರೆ ಯಾರೂ ತಯಾರಾಗಿ ಬರುವುದಿಲ್ಲ. ಹೀಗೆ ಬರೆದು ನೋಡಿ:

“ಮಾರಾಟ 48 ಲಕ್ಷ (ಹೋದ ವರ್ಷ ಇದೇ ಅವಧಿಯಲ್ಲಿ 40). ಕೈಯಲ್ಲಿ 18 ಲಕ್ಷ. ಹಣ್ಣಿನ ಖರೀದಿ ಬಿಟ್ಟು ತಿಂಗಳಿಗೆ 2 ಲಕ್ಷ ಕರಗುತ್ತಿದೆ. ಅಂಕಿಗಳು ಇನ್ನೂ ಆಡಿಟ್ ಆಗಿಲ್ಲ. ಚರ್ಚೆಗೆ: ಮುಂದಿನ ಹಂಗಾಮಿನ ಹಣ್ಣಿಗೆ ಬೇಕಾದ 10 ಲಕ್ಷವನ್ನು ಬ್ಯಾಂಕ್ ಸಾಲದಿಂದ ತರೋಣವೇ, ಹೊಸ ಬಂಡವಾಳದಿಂದಲೇ? ಅಂಕಿಗೆ 10 ನಿಮಿಷ, ಚರ್ಚೆಗೆ 15, ನಿಮ್ಮ ಪ್ರಶ್ನೆಗಳಿಗೆ ಕೊನೆಯ 20. ಹಿಂದಿನ ದಿನ ಸಂಜೆಯೊಳಗೆ ಕಳಿಸಿದ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳುತ್ತೇವೆ.”

ಪ್ರಶ್ನೆಯ 20 ನಿಮಿಷವನ್ನು ಚರ್ಚೆ ತಿಂದುಹಾಕುವುದು ಮಾಮೂಲು. 25ನೇ ನಿಮಿಷಕ್ಕೆ ಚರ್ಚೆ ನಿಲ್ಲಿಸಲು ಒಬ್ಬರನ್ನು ಮೊದಲೇ ನೇಮಿಸಿಡಿ. ಜುಲೈ ಮಳೆಗೆ ಶಿರಸಿಯಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ, ಹಾಗಾಗಿ ವೀಡಿಯೊ ಲಿಂಕಿನ ಜೊತೆ ಫೋನಿನಲ್ಲೇ ಸೇರುವ ನಂಬರೂ ಇರಲಿ.

ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗೆ ಮಾತ್ರ ಸೆಬಿ ನಿಯಮ ಬೇರೆ. ಇಂಥ ಗುಂಪು ಕರೆಯ ವೇಳಾಪಟ್ಟಿಯನ್ನು ಕನಿಷ್ಠ ಎರಡು ಕೆಲಸದ ದಿನ ಮೊದಲೇ ಷೇರುಪೇಟೆಗೆ ತಿಳಿಸಬೇಕು. ತಿಳಿಸಿದ ದಿನವೂ ಕರೆಯ ದಿನವೂ ಆ ಎರಡರಲ್ಲಿ ಸೇರುವುದಿಲ್ಲ.